ಹಿಮೋಗ್ಲೋಬಿನ್ ಇಬ್ಬರಿಗೂ ಒಂಬತ್ತು, ಎಂಸಿವಿ ಮಾತ್ರ ಒಬ್ಬರಿಗೆ 69, ಇನ್ನೊಬ್ಬರಿಗೆ 113: ಇದರ ಅರ್ಥವೇನು?

ಸಾಗರದ ಶಿಕ್ಷಕ

ನಮ್ಮ ಮನೆಯ ಇಬ್ಬರ ರಕ್ತಪರೀಕ್ಷೆಯ ವರದಿಗಳು ಒಂದೇ ವಾರದಲ್ಲಿ ಬಂದಿವೆ. ನನ್ನ ಪತ್ನಿಗೆ 36 ವರ್ಷ, ತಂದೆಯವರಿಗೆ 68. ಇಬ್ಬರಿಗೂ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಪತ್ನಿಯ ಹಿಮೋಗ್ಲೋಬಿನ್ 9.1, ತಂದೆಯವರದು 9.0. ಸಂಖ್ಯೆಗಳು ಹೆಚ್ಚುಕಡಿಮೆ ಒಂದೇ ಇರುವುದನ್ನು ನೋಡಿದ ಔಷಧದ ಅಂಗಡಿಯವರು ಇಬ್ಬರಿಗೂ ಒಂದೇ ಕಬ್ಬಿಣಾಂಶದ ಟಾನಿಕ್ ಕೊಟ್ಟು ಕಳುಹಿಸಿದರು. ಆದರೆ ವರದಿಯ ಕೆಳಗಿನ ಸಾಲುಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತಿವೆ.

ಪತ್ನಿಯದು: ಕೆಂಪು ರಕ್ತಕಣಗಳ ಎಣಿಕೆ 43 ಲಕ್ಷ, ಪಿಸಿವಿ 29.7, ಎಂಸಿವಿ 69, ಆರ್‌ಡಿಡಬ್ಲ್ಯೂ 18.5, ಪ್ಲೇಟ್‌ಲೆಟ್ 4.6 ಲಕ್ಷ.

ತಂದೆಯವರದು: ಎಣಿಕೆ 24 ಲಕ್ಷ, ಪಿಸಿವಿ 27.1, ಎಂಸಿವಿ 113, ಆರ್‌ಡಿಡಬ್ಲ್ಯೂ 17.4, ಪ್ಲೇಟ್‌ಲೆಟ್ 1.3 ಲಕ್ಷ, ಬಿಳಿ ರಕ್ತಕಣ 3,600.

ತಂದೆಯವರು ಶುದ್ಧ ಸಸ್ಯಾಹಾರಿ. ಹತ್ತು ವರ್ಷಕ್ಕೂ ಮೇಲ್ಪಟ್ಟು ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ವೈದ್ಯರ ಭೇಟಿ ಮುಂದಿನ ವಾರಕ್ಕೆ ನಿಗದಿಯಾಗಿದೆ. ಅಷ್ಟರೊಳಗೆ ನಾನು ತಿಳಿಯಬಯಸುವುದು ಇಷ್ಟೇ: ಹಿಮೋಗ್ಲೋಬಿನ್ ಒಂದೇ ಇರುವಾಗ ಎಂಸಿವಿ ಎಂಬ ಒಂದು ಸಂಖ್ಯೆ ಹೀಗೆ ಎರಡು ದಿಕ್ಕಿಗೆ ಹೋಗುವುದು ಏಕೆ?

ತುಂಗಾತೀರ

ಎಂಸಿವಿ ಹೆಚ್ಚಿದೆ ಎಂದರೆ ತಂದೆಯವರ ರಕ್ತ ಪತ್ನಿಯವರದಕ್ಕಿಂತ ಗಟ್ಟಿಯಾಗಿದೆ ಎಂದಲ್ಲವೇ? ಹಾಗಾದರೆ ಅವರ ಬಗ್ಗೆ ಅಷ್ಟು ಚಿಂತೆ ಬೇಡ, ಪತ್ನಿಯವರಿಗೇ ಮೊದಲು ಚಿಕಿತ್ಸೆ ಕೊಡಿಸಿ.

ಗಾಜಿನ ಪಟ್ಟಿ

ತುಂಗಾತೀರ ಅವರೇ, ಎಂಸಿವಿ ರಕ್ತದ ಗಟ್ಟಿತನವನ್ನಾಗಲಿ, ಶಕ್ತಿಯನ್ನಾಗಲಿ ಹೇಳುವುದಿಲ್ಲ. ಒಂದು ಕೆಂಪು ರಕ್ತಕಣದ ಸರಾಸರಿ ಗಾತ್ರ ಎಷ್ಟು ಎಂಬುದನ್ನು ಮಾತ್ರ ಹೇಳುತ್ತದೆ. ವಯಸ್ಕರಲ್ಲಿ ಅದು ಸಾಮಾನ್ಯವಾಗಿ 80ರಿಂದ 100 ಫೆಮ್ಟೋಲೀಟರ್‌ಗಳ ನಡುವೆ ಇರುತ್ತದೆ. ನಾನು ರೋಗನಿದಾನ ವಿಭಾಗದಲ್ಲಿ ಸ್ಮಿಯರ್‌ಗಳನ್ನು, ಅಂದರೆ ಗಾಜಿನ ಪಟ್ಟಿಯ ಮೇಲೆ ಸವರಿ ಬಣ್ಣ ಹಾಕಿದ ರಕ್ತವನ್ನು, ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸದಲ್ಲಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎರಡೂ ವರದಿಗಳಲ್ಲಿ ಮೊದಲು ಕೆಂಪು ಕಣಗಳ ಎಣಿಕೆಯನ್ನು ನೋಡಿ. ಪತ್ನಿಯವರಲ್ಲಿ 43 ಲಕ್ಷ ಕಣಗಳು ಸೇರಿ ಹೊತ್ತಿರುವಷ್ಟೇ ಹಿಮೋಗ್ಲೋಬಿನ್ ಅನ್ನು ತಂದೆಯವರಲ್ಲಿ ಬರೀ 24 ಲಕ್ಷ ಕಣಗಳು ಹೊತ್ತಿವೆ. ಒಬ್ಬರಲ್ಲಿ ಕಣಗಳು ಸಾಕಷ್ಟಿವೆ, ಆದರೆ ಒಂದೊಂದೂ ಸಣ್ಣದು ಮತ್ತು ಪೇಲವ. ಇನ್ನೊಬ್ಬರಲ್ಲಿ ಒಂದೊಂದು ಕಣವೂ ದೊಡ್ಡದು ಮತ್ತು ತುಂಬಿದ್ದು, ಆದರೆ ಕಣಗಳೇ ಕಡಿಮೆ. ಹಿಮೋಗ್ಲೋಬಿನ್ ಎಂಬ ಒಟ್ಟು ಮೊತ್ತದಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಪಿಸಿವಿಯನ್ನು, ಅಂದರೆ ರಕ್ತದಲ್ಲಿ ಕೆಂಪು ಕಣಗಳು ತುಂಬಿರುವ ಪ್ರತಿಶತ ಪಾಲನ್ನು, ಹತ್ತರಿಂದ ಗುಣಿಸಿ, ದಶಲಕ್ಷಗಳಲ್ಲಿ ಬರೆದ ಎಣಿಕೆಯಿಂದ ಭಾಗಿಸಿದರೆ ಅದು ಹೊರಬೀಳುತ್ತದೆ. 297ನ್ನು 4.3ರಿಂದ ಭಾಗಿಸಿದರೆ 69, 271ನ್ನು 2.4ರಿಂದ ಭಾಗಿಸಿದರೆ 113.

ಇನ್ನು ಕಾರಣಕ್ಕೆ ಬರೋಣ. ಅಸ್ಥಿಮಜ್ಜೆಯಲ್ಲಿ ಕೆಂಪು ಕಣದ ಪೂರ್ವಜಕೋಶವು ಕೆಲವು ಬಾರಿ ಇಬ್ಭಾಗವಾಗುತ್ತ, ಪ್ರತಿ ವಿಭಜನೆಯಲ್ಲೂ ಸಣ್ಣದಾಗುತ್ತ, ಜೊತೆಜೊತೆಗೆ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತ ಬೆಳೆಯುತ್ತದೆ. ಒಳಗಿನ ಹಿಮೋಗ್ಲೋಬಿನ್ ಒಂದು ಮಟ್ಟಕ್ಕೆ ಬಂದಾಗ ವಿಭಜನೆ ನಿಲ್ಲುತ್ತದೆ ಎಂಬುದು ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ವಿವರಣೆ. ಕಬ್ಬಿಣಾಂಶ ಸಾಲದಿದ್ದಾಗ ಹಿಮೋಗ್ಲೋಬಿನ್ ತಯಾರಾಗುವುದು ನಿಧಾನವಾಗುತ್ತದೆ. ನಿಲ್ಲಬೇಕೆಂಬ ಸೂಚನೆ ತಡವಾಗಿ ಬರುತ್ತದೆ, ಕೋಶವು ಇನ್ನೂ ಒಮ್ಮೆ ಇಬ್ಭಾಗವಾಗಿಬಿಡುತ್ತದೆ. ಹಾಗಾಗಿ ಹೊರಬರುವ ಕಣ ಸಣ್ಣದು.

ಬಿ12 ಅಥವಾ ಫೋಲೇಟ್ ಸಾಲದಿದ್ದಾಗ ತೊಂದರೆ ಹಿಮೋಗ್ಲೋಬಿನ್‌ನಲ್ಲಿ ಇರುವುದೇ ಇಲ್ಲ. ಡಿಎನ್‌ಎ ನಕಲಾಗಲು ಬೇಕಾದ ಥೈಮಿಡಿನ್ ಎಂಬ ಘಟಕ ಸಿದ್ಧವಾಗಲು ಫೋಲೇಟ್ ಬೇಕು, ಆ ಫೋಲೇಟ್ ಬಳಕೆಗೆ ಒದಗುವ ರೂಪದಲ್ಲಿ ಉಳಿಯಲು ಬಿ12 ಬೇಕು. ಎರಡರಲ್ಲಿ ಯಾವುದು ಕೊರತೆಯಾದರೂ ಕೋಶಕೇಂದ್ರದ ಕೆಲಸ ಕುಂಟುತ್ತದೆ, ವಿಭಜನೆ ತಡವಾಗುತ್ತದೆ. ಆದರೆ ಕೋಶಕೇಂದ್ರದ ಹೊರಗಿನ ಭಾಗ ಎಂದಿನಂತೆ ಬೆಳೆಯುತ್ತಲೇ ಇರುತ್ತದೆ, ಹಿಮೋಗ್ಲೋಬಿನ್ ಸಹ ತುಂಬುತ್ತಲೇ ಇರುತ್ತದೆ. ಎಷ್ಟು ಬಾರಿ ಇಬ್ಭಾಗವಾಗಬೇಕೋ ಅಷ್ಟು ಆಗದೆಯೇ ಕಣ ಪಕ್ವವಾಗುವುದರಿಂದ ದೊಡ್ಡದಾಗಿ ಹೊರಬರುತ್ತದೆ. ಇಂತಹ ಅನೇಕ ಕೋಶಗಳು ಮಜ್ಜೆಯಲ್ಲಿಯೇ ನಾಶವಾಗುವುದರಿಂದ ಎಣಿಕೆಯೂ ಕುಸಿಯುತ್ತದೆ.

ಡಿಎನ್‌ಎ ಬೇಕಾಗಿರುವುದು ಕೆಂಪು ಕಣಗಳ ಪೂರ್ವಜರಿಗೆ ಮಾತ್ರವಲ್ಲ. ತಂದೆಯವರ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿದಿರುವುದು, ಪತ್ನಿಯವರಲ್ಲಿ ಪ್ಲೇಟ್‌ಲೆಟ್ ಮೇಲಿನ ಮಿತಿಯನ್ನು ದಾಟಿರುವುದು ಇದಕ್ಕೆ ಹೊಂದುತ್ತವೆ. ಕಬ್ಬಿಣಾಂಶದ ಕೊರತೆಯಲ್ಲಿ ಪ್ಲೇಟ್‌ಲೆಟ್ ಹೆಚ್ಚುವುದು ಸಾಮಾನ್ಯ. ಎಂಸಿವಿಯನ್ನು ಈ ಸಾಲುಗಳ ಜೊತೆ ಸೇರಿಸಿ ಓದಿದಾಗ ಅದರ ತೂಕ ಹೆಚ್ಚಾಗುತ್ತದೆ.

ಅಡುಗೆಮನೆ ಪೋಷಣೆ

ಇದನ್ನೇ ನಾನು ನಮ್ಮ ಮಹಿಳಾ ಸಂಘದಲ್ಲಿ ಸರಳವಾಗಿ ಹೇಳುತ್ತ ಬಂದಿದ್ದೇನೆ. 80ಕ್ಕಿಂತ ಕೆಳಗಿದ್ದರೆ ಕಬ್ಬಿಣಾಂಶ, 100ಕ್ಕಿಂತ ಮೇಲಿದ್ದರೆ ವಿಟಮಿನ್, ನಡುವೆ ಇದ್ದರೆ ಎರಡರ ಕೊರತೆಯೂ ಇಲ್ಲ. ಆದ್ದರಿಂದ ತಂದೆಯವರಿಗೆ ಕಬ್ಬಿಣಾಂಶದ ಟಾನಿಕ್ ನಿಲ್ಲಿಸಿ ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡಿ. ಅದು ಅಗ್ಗ, ಎಲ್ಲ ಕಡೆ ಸಿಗುತ್ತದೆ, ಅಡ್ಡಪರಿಣಾಮವೂ ಇಲ್ಲ. ಇನ್ನು ಬಿ12 ವಿಷಯ. ದಿನಾ ಎರಡು ಲೋಟ ಮಜ್ಜಿಗೆ ಕುಡಿಯುವವರಿಗೆ ಅದರ ಕೊರತೆ ಬರಲು ಸಾಧ್ಯವಿಲ್ಲ.

ಗಾಜಿನ ಪಟ್ಟಿ

ಮೇಡಂ, ಮೊದಲ ವಾಕ್ಯದ ಮುಕ್ಕಾಲು ಭಾಗವನ್ನು ನಾನು ಒಪ್ಪುತ್ತೇನೆ. ಆದರೆ ಫೋಲಿಕ್ ಆಮ್ಲದ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬಾರದು. ಕಣದ ಗಾತ್ರವನ್ನು ನೋಡಿ ಬಿ12 ಕೊರತೆಯೋ ಫೋಲೇಟ್ ಕೊರತೆಯೋ ಎಂದು ಹೇಳಲು ಆಗುವುದಿಲ್ಲ. ಎರಡರಲ್ಲೂ ಎಂಸಿವಿ ಒಂದೇ ರೀತಿ ಏರುತ್ತದೆ, ಸ್ಮಿಯರ್ ಸಹ ಒಂದೇ ರೀತಿ ಕಾಣುತ್ತದೆ. ಬಿ12 ಕೊರತೆಯಿರುವವರಿಗೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ಹಿಮೋಗ್ಲೋಬಿನ್ ಏರಬಹುದು, ಎಂಸಿವಿ ಇಳಿಯಬಹುದು, ವರದಿ ನೋಡಿದವರು ನೆಮ್ಮದಿಪಡಬಹುದು. ಆದರೆ ಬೆನ್ನುಹುರಿ ಮತ್ತು ನರಗಳ ಮೇಲಿನ ಹಾನಿ ಒಳಗೊಳಗೇ ಮುಂದುವರಿಯುತ್ತದೆ, ತಡವಾದರೆ ಪೂರ್ತಿ ಸರಿಹೋಗದೆಯೂ ಉಳಿಯಬಹುದು.

ಶಿಕ್ಷಕರೇ, ಇದಕ್ಕಾಗಿಯೇ ಒಂದು ಪ್ರಶ್ನೆ. ತಂದೆಯವರಿಗೆ ಪಾದಗಳಲ್ಲಿ ಜೋಮು ಇದೆಯೇ? ಕತ್ತಲೆಯಲ್ಲಿ ನಡೆಯುವಾಗ, ಅಥವಾ ಮುಖ ತೊಳೆಯಲು ಕಣ್ಣು ಮುಚ್ಚಿದಾಗ ತೂಗಾಡುತ್ತಾರೆಯೇ? ಟಾನಿಕ್ಕಿನ ಬಾಟಲಿಯ ಹಿಂಬದಿಯನ್ನೂ ಓದಿ, ಅನೇಕ ಕಬ್ಬಿಣಾಂಶದ ಟಾನಿಕ್‌ಗಳಲ್ಲಿ ಫೋಲಿಕ್ ಆಮ್ಲವೂ ಸೇರಿರುತ್ತದೆ.

ಮಜ್ಜಿಗೆಯ ವಿಷಯ: ಹಾಲಿನಲ್ಲಿ ಬಿ12 ಇದೆ, ಆದರೆ ಹೆಚ್ಚಿಲ್ಲ, ನೀರು ಬೆರೆಸಿ ಕಡೆದ ಮಜ್ಜಿಗೆಯಲ್ಲಿ ಇನ್ನೂ ಕಡಿಮೆ. ತಿಂದದ್ದು ಕರುಳಿನಲ್ಲಿ ಹೀರಿಕೆಯಾಗಬೇಕಾದರೆ ಜಠರದಲ್ಲಿ ಆಮ್ಲವೂ ಒಂದು ವಿಶೇಷ ಪ್ರೋಟೀನೂ ಬೇಕು. ವಯಸ್ಸಾದಂತೆ ಆಮ್ಲ ಕಡಿಮೆಯಾಗುತ್ತದೆ, ದೀರ್ಘಕಾಲದ ಮೆಟ್‌ಫಾರ್ಮಿನ್ ಹೀರಿಕೆಯನ್ನು ಮತ್ತಷ್ಟು ಕುಗ್ಗಿಸುತ್ತದೆ.

ಹಳೆ ಪುಟಗಳು

ಬಿ12 ಮತ್ತು ಫೋಲೇಟ್‌ಗಳನ್ನು ಗಾತ್ರದಿಂದ ಬೇರ್ಪಡಿಸಲಾಗದು ಎಂಬ ಮಾತಿಗೆ ನಮ್ಮ ದೇಶದ್ದೇ ಒಂದು ಚರಿತ್ರೆಯಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಬೊಂಬಾಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರಲ್ಲಿ ಕಾಣಿಸುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಅವರ ಕೆಂಪು ಕಣಗಳು ದೊಡ್ಡದಾಗಿದ್ದವು, ನೋಟಕ್ಕೆ ಬಿ12 ಹೀರಿಕೆಯಾಗದೆ ಬರುವ ಪರ್ನಿಷಿಯಸ್ ಅನೀಮಿಯಾದಂತೆಯೇ ಇದ್ದವು. ಆದರೆ ಆ ರೋಗವನ್ನು ವಾಸಿಮಾಡುತ್ತಿದ್ದ ಯಕೃತ್ತಿನ ಶುದ್ಧೀಕರಿಸಿದ ಸಾರ ಇವರಿಗೆ ನಾಟಲಿಲ್ಲ. ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟಾಗ ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಅಂಶವೇ ಫೋಲೇಟ್ ಎಂಬುದು ಮುಂದೆ ತಿಳಿಯಿತು.

ಸಾಗರದ ಶಿಕ್ಷಕ

ಗಾಜಿನ ಪಟ್ಟಿಯವರೇ, ನೀವು ಕೇಳಿದ ಎರಡೂ ಇವೆ. ಪಾದಗಳ ಜೋಮು ಸಕ್ಕರೆ ಕಾಯಿಲೆಯಿಂದ ಎಂದೇ ನಾವು ತಿಳಿದಿದ್ದೆವು. ಬಚ್ಚಲಲ್ಲಿ ಮುಖಕ್ಕೆ ನೀರು ಹಾಕಿಕೊಳ್ಳುವಾಗ ಒಂದು ಕೈಯಿಂದ ಗೋಡೆಯನ್ನು ಹಿಡಿಯುತ್ತಾರೆ ಎಂದು ಅಮ್ಮ ಹೇಳಿದರು. ಟಾನಿಕ್ಕಿನ ಬಾಟಲಿಯ ಮೇಲೆ ಫೋಲಿಕ್ ಆಮ್ಲ ಎಂದು ಬರೆದಿದೆ. ನಾಳೆಯೇ ವೈದ್ಯರನ್ನು ಕಾಣುತ್ತೇವೆ.

ಗಾಜಿನ ಪಟ್ಟಿ

ಒಳ್ಳೆಯದು. ಮಧುಮೇಹದಿಂದಲೂ ಜೋಮು ಬರುತ್ತದೆ, ಆದ್ದರಿಂದ ಎರಡನ್ನೂ ವೈದ್ಯರು ಪರೀಕ್ಷಿಸಬೇಕು. ಮುಂದಿನ ರಕ್ತದ ಮಾದರಿ ಕೊಡುವವರೆಗೆ ಟಾನಿಕ್ ಬೇಡ. ಬಿ12 ಚುಚ್ಚುಮದ್ದು ಕೊಡುವ ಮೊದಲೇ ರಕ್ತ ತೆಗೆಸಿಕೊಳ್ಳಲು ಹೇಳಿ, ಚುಚ್ಚುಮದ್ದಿನ ನಂತರ ಅಳೆದ ಮಟ್ಟಕ್ಕೆ ಅರ್ಥವಿರುವುದಿಲ್ಲ.

ದುಬೈ ಕನ್ನಡಿಗ

ನನ್ನ ಸಂಗತಿ ಇಲ್ಲಿ ಹೇಳಲೇಬೇಕು, ಏಕೆಂದರೆ 80ಕ್ಕಿಂತ ಕೆಳಗೆ ಎಂದರೆ ಕಬ್ಬಿಣಾಂಶ ಎಂಬ ನಿಯಮದ ಮೇಲೆ ನಾನು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದ್ದೇನೆ. ನನ್ನ ಎಂಸಿವಿ 66. ಹಿಮೋಗ್ಲೋಬಿನ್ 12.4ಕ್ಕಿಂತ ಮೇಲೇರುವುದೇ ಇಲ್ಲ. ಪ್ರತಿ ವರ್ಷದ ತಪಾಸಣೆಯಲ್ಲಿ ಯಾರಾದರೊಬ್ಬರು ಹೊಸದಾಗಿ ಮಾತ್ರೆ ಬರೆದುಕೊಡುತ್ತಿದ್ದರು. ಕೊನೆಗೆ ಒಬ್ಬ ವೈದ್ಯರು ಕೆಂಪು ಕಣಗಳ ಎಣಿಕೆಯ ಮೇಲೆ ಬೆರಳಿಟ್ಟರು. ಅದು 61 ಲಕ್ಷವಿತ್ತು. ದೇಹದ ಕಬ್ಬಿಣಾಂಶದ ಸಂಗ್ರಹವನ್ನು ತೋರಿಸುವ ಫೆರಿಟಿನ್ 140. ಹಿಮೋಗ್ಲೋಬಿನ್‌ನ ಒಂದು ಬಗೆಯಾದ ಎಚ್‌ಬಿಎ2 ಪರೀಕ್ಷೆ ಮಾಡಿಸಿದಾಗ 5.2 ಪ್ರತಿಶತ ಬಂದು, ನಾನು ಬೀಟಾ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದೋಷದ ವಾಹಕ ಎಂದು ತಿಳಿಯಿತು. ಶಿಕ್ಷಕರ ಪತ್ನಿಯವರೂ ಅದನ್ನೇ ಮಾಡಿಸಬೇಕಲ್ಲವೇ?

ಗಾಜಿನ ಪಟ್ಟಿ

ನಿಮ್ಮ ವರದಿಯನ್ನು ಪತ್ನಿಯವರ ವರದಿಯ ಪಕ್ಕದಲ್ಲಿಟ್ಟು ನೋಡಿದರೆ ಸಣ್ಣ ಕಣಗಳಲ್ಲೂ ಎರಡು ಬಗೆ ಇರುವುದು ಸ್ಪಷ್ಟವಾಗುತ್ತದೆ. ಥಲಸ್ಸೇಮಿಯಾ ವಾಹಕರಲ್ಲಿ ಕಬ್ಬಿಣಾಂಶ ಸಾಕಷ್ಟಿರುತ್ತದೆ, ಹಿಮೋಗ್ಲೋಬಿನ್‌ನ ಪ್ರೋಟೀನ್ ಭಾಗವಾದ ಗ್ಲೋಬಿನ್ ಸರಪಳಿ ತಯಾರಾಗುವುದು ಕಡಿಮೆ. ಮಜ್ಜೆ ಆ ಕೊರತೆಯನ್ನು ಸಂಖ್ಯೆಯಿಂದ ತುಂಬಿಕೊಳ್ಳುತ್ತದೆ, ಆದ್ದರಿಂದ ಕಣಗಳು ಸಣ್ಣವಾದರೂ ಎಣಿಕೆ ಹೆಚ್ಚು. ಕಬ್ಬಿಣಾಂಶವೇ ಇಲ್ಲದ ಮಜ್ಜೆಗೆ ಹಾಗೆ ತುಂಬಿಕೊಳ್ಳಲು ಸಾಮಗ್ರಿ ಇರುವುದಿಲ್ಲ. 1973ರಲ್ಲಿ ಮೆಂಟ್ಜರ್ ಸೂಚಿಸಿದ ಲೆಕ್ಕ ಇದರ ಮೇಲೆಯೇ ನಿಂತಿದೆ: ಎಂಸಿವಿಯನ್ನು ದಶಲಕ್ಷಗಳಲ್ಲಿ ಬರೆದ ಎಣಿಕೆಯಿಂದ ಭಾಗಿಸಿದಾಗ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ವಾಹಕತ್ವದ ಕಡೆಗೆ, ಹೆಚ್ಚು ಬಂದರೆ ಕಬ್ಬಿಣಾಂಶದ ಕೊರತೆಯ ಕಡೆಗೆ ಬೆರಳು ತೋರಿಸುತ್ತದೆ. ನಿಮ್ಮದು ಸುಮಾರು 10.8, ಅವರದು 16. ಕಣಗಳ ಗಾತ್ರದ ಏರುಪೇರನ್ನು ತೋರಿಸುವ ಅವರ ಆರ್‌ಡಿಡಬ್ಲ್ಯೂ ಸಹ ಏರಿದೆ, ಅದೂ ಕಬ್ಬಿಣಾಂಶದ ಕೊರತೆಗೇ ಹೊಂದುತ್ತದೆ.

ಇದು ಸುಳಿವು ಮಾತ್ರ, ತೀರ್ಪಲ್ಲ. ಎರಡೂ ಒಬ್ಬರಲ್ಲೇ ಇರಬಹುದು, ಅಂದರೆ ವಾಹಕರಿಗೂ ಕಬ್ಬಿಣಾಂಶದ ಕೊರತೆ ಬರಬಹುದು, ಆಗ ಲೆಕ್ಕ ಕಲಸಿಹೋಗುತ್ತದೆ. ಪತ್ನಿಯವರಿಗೆ ಮೊದಲು ಫೆರಿಟಿನ್ ಸಾಕು. ಕಬ್ಬಿಣಾಂಶ ತುಂಬಿದ ನಂತರವೂ ಎಂಸಿವಿ ಮೇಲೇಳದಿದ್ದರೆ ಆಗ ಎಚ್‌ಬಿಎ2 ನೋಡಬೇಕು. ಕಬ್ಬಿಣಾಂಶದ ತೀವ್ರ ಕೊರತೆಯಿರುವಾಗ ಎಚ್‌ಬಿಎ2 ಸ್ವಲ್ಪ ಕಡಿಮೆ ತೋರಿಸಿ ವಾಹಕತ್ವವನ್ನು ಮರೆಮಾಡಬಹುದು, ಹಾಗಾಗಿ ಈ ಅನುಕ್ರಮ. ನಿಮಗೆ ಮದುವೆಯಾಗಿದ್ದರೆ ಅಥವಾ ಆಗುವುದಿದ್ದರೆ ಸಂಗಾತಿಯ ಪರೀಕ್ಷೆಯನ್ನೂ ಮಾಡಿಸಿ.

ನೇರಳೆ ಮುಚ್ಚಳ

ನಾನು ತಾಲ್ಲೂಕಿನ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞ. ಮೇಲಿನ ಸೂತ್ರದ ಬಗ್ಗೆ ಒಂದು ಮಾತು. ಹಿಂದೆ ಪಿಸಿವಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಅಳೆದು, ಅದರಿಂದ ಎಂಸಿವಿ ಲೆಕ್ಕ ಹಾಕುತ್ತಿದ್ದರು. ಈಗಿನ ಹೆಚ್ಚಿನ ಯಂತ್ರಗಳು ತಿರುಗುಮುರುಗು. ಪ್ರತಿಯೊಂದು ಕಣವೂ ಒಂದು ಕಿರುರಂಧ್ರದ ಮೂಲಕ ಹಾಯುವಾಗ ವಿದ್ಯುತ್ ಹರಿವಿಗೆ ಒಡ್ಡುವ ತಡೆಯಿಂದ ಅದರ ಗಾತ್ರ ಅಳೆಯಲ್ಪಡುತ್ತದೆ. ಎಂಸಿವಿ ನೇರ ಅಳತೆ, ಪಿಸಿವಿ ಲೆಕ್ಕದಿಂದ ಬಂದದ್ದು.

ಅಳತೆ ನೇರವಾದದ್ದು ಎಂದ ಮಾತ್ರಕ್ಕೆ ಮೋಸವಾಗದು ಎಂದಲ್ಲ. ಹಳ್ಳಿಯ ಶಿಬಿರದಲ್ಲಿ ಬೆಳಿಗ್ಗೆ ತೆಗೆದ ಮಾದರಿ ಬಸ್ಸಿನಲ್ಲಿ ಬಂದು, ಬಿಸಿಲಿನಲ್ಲಿ ಕುಳಿತು, ಮರುದಿನ ಯಂತ್ರಕ್ಕೆ ಹೋದರೆ ನಳಿಕೆಯೊಳಗೇ ಕಣಗಳು ಉಬ್ಬುತ್ತವೆ, ಎಂಸಿವಿ ಕೆಲವು ಅಂಕ ಏರುತ್ತದೆ. 79 ಇದ್ದದ್ದು 83 ಎಂದು ಅಚ್ಚಾಗಿ, ಕಬ್ಬಿಣಾಂಶದ ಕೊರತೆಯ ಸುಳಿವೇ ಅಳಿಸಿಹೋಗಬಹುದು. ಇನ್ನೊಂದು, ಕೆಲವರ ರಕ್ತದಲ್ಲಿ ತಣ್ಣಗಾದೊಡನೆ ಕಣಗಳು ಅಂಟಿಕೊಳ್ಳುತ್ತವೆ. ಎರಡು ಮೂರು ಕಣಗಳ ಗುಂಪನ್ನು ಯಂತ್ರ ಒಂದೇ ದೊಡ್ಡ ಕಣವೆಂದು ಓದುತ್ತದೆ. ಆಗ ಎಂಸಿವಿ 120 ದಾಟುತ್ತದೆ, ಎಣಿಕೆ ವಿಪರೀತ ಇಳಿಯುತ್ತದೆ. ಕಣದೊಳಗಿನ ಹಿಮೋಗ್ಲೋಬಿನ್ ಸಾಂದ್ರತೆಯಾದ ಎಂಸಿಎಚ್‌ಸಿ 37ಕ್ಕಿಂತ ಮೇಲೆ ಹೋಗಿರುವುದನ್ನು ಕಂಡರೆ ನಾವು ನಳಿಕೆಯನ್ನು 37 ಡಿಗ್ರಿಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಓಡಿಸುತ್ತೇವೆ. ತಂದೆಯವರ ಎಂಸಿಎಚ್‌ಸಿ ಲೆಕ್ಕ ಹಾಕಿದರೆ 33 ಬರುತ್ತದೆ, ಆದ್ದರಿಂದ ಅಲ್ಲಿ ಆ ಅನುಮಾನಕ್ಕೆ ಎಡೆಯಿಲ್ಲ.

ಹಾವೇರಿ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಎಂಸಿವಿ ನಡುವೆ ಇದ್ದರೆ ಎರಡೂ ಕೊರತೆಯಿಲ್ಲ ಎಂದು ಮೇಲೆ ಬರೆದಿರುವುದನ್ನು ಓದಿ ಗೊಂದಲವಾಯಿತು. ನನ್ನ ಹಿಮೋಗ್ಲೋಬಿನ್ 8.9, ಎಣಿಕೆ 32.5 ಲಕ್ಷ, ಎಂಸಿವಿ 86, ಆರ್‌ಡಿಡಬ್ಲ್ಯೂ 21. ವರದಿಯಲ್ಲಿ ಎಂಸಿವಿಯ ಎದುರು ಯಾವ ಗುರುತೂ ಇಲ್ಲ, ಅಂದರೆ ಸರಿಯಿದೆ ಎಂದೇ. ಆದರೂ ನಮ್ಮ ವೈದ್ಯರು ಫೆರಿಟಿನ್ ಮತ್ತು ಬಿ12 ಎರಡನ್ನೂ ಬರೆದುಕೊಟ್ಟಿದ್ದಾರೆ. ಹಣ ದಂಡವಲ್ಲವೇ?

ಗಾಜಿನ ಪಟ್ಟಿ

ಅಮ್ಮಾ, ನಿಮ್ಮ ವೈದ್ಯರು ಸರಿಯಾದದ್ದನ್ನೇ ಕೇಳಿದ್ದಾರೆ, ದಯವಿಟ್ಟು ಎರಡನ್ನೂ ಮಾಡಿಸಿ. ಎಂಸಿವಿ ಒಂದು ಸರಾಸರಿ. ಆರು ವರ್ಷದ ಮೊಮ್ಮಗ ಮತ್ತು ಎಂಬತ್ತು ವರ್ಷದ ಅಜ್ಜ ಇಬ್ಬರೇ ಇರುವ ಮನೆಯ ಸರಾಸರಿ ವಯಸ್ಸು ನಲವತ್ತಮೂರು, ಆದರೆ ಆ ಮನೆಯಲ್ಲಿ ನಡುವಯಸ್ಸಿನವರು ಯಾರೂ ಇಲ್ಲ. ಕಬ್ಬಿಣಾಂಶ ಮತ್ತು ಬಿ12 ಎರಡೂ ಒಟ್ಟಿಗೆ ಕಡಿಮೆಯಾದಾಗ, ಒಂದು ಕಣವನ್ನು ಸಣ್ಣದಾಗಿಸುತ್ತದೆ, ಇನ್ನೊಂದು ದೊಡ್ಡದಾಗಿಸುತ್ತದೆ, ಅಂಕ ಬಂದು 86ರಲ್ಲಿ ನಿಲ್ಲುತ್ತದೆ. ಸತ್ಯ ಹೇಳುವುದು ಪಕ್ಕದ ಸಾಲು. ಆರ್‌ಡಿಡಬ್ಲ್ಯೂ ಎಂದರೆ ಕಣಗಳ ಗಾತ್ರದಲ್ಲಿರುವ ಏರುಪೇರು. ಸಾಮಾನ್ಯವಾಗಿ ಅದು 14.5ರೊಳಗೆ ಇರಬೇಕು, ನಿಮ್ಮದು 21. ಇಂತಹ ಸ್ಮಿಯರ್‌ನಲ್ಲಿ ಪೇಲವವಾದ ಪುಟ್ಟ ಕಣಗಳ ಪಕ್ಕದಲ್ಲೇ ಮೊಟ್ಟೆಯಾಕಾರದ ದೊಡ್ಡ ಕಣಗಳನ್ನು, ಐದಾರು ಹಾಲೆಗಳಾಗಿ ಹರಿದ ಕೇಂದ್ರವಿರುವ ಬಿಳಿ ಕಣಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಸಸ್ಯಾಹಾರಿ ಮನೆಗಳ ಮಹಿಳೆಯರಲ್ಲಿ ಈ ಜೋಡಿ ಕೊರತೆ ಅಪರೂಪವೇನಲ್ಲ.

ಅಡುಗೆಮನೆ ಪೋಷಣೆ

ಹಾಗಾದರೆ ಎಂಸಿವಿ ನೋಡುವುದರಿಂದ ಪ್ರಯೋಜನವೇನು ಬಂತು? ಸಣ್ಣದಿದ್ದರೆ ಥಲಸ್ಸೇಮಿಯಾ ಇರಬಹುದು, ನಡುವೆ ಇದ್ದರೆ ಎರಡೂ ಇರಬಹುದು, ದೊಡ್ಡದಿದ್ದರೆ ಯಾವ ವಿಟಮಿನ್ ಎಂದು ಗೊತ್ತಾಗುವುದಿಲ್ಲ. ನಮ್ಮ ಸಂಘದ ಮಹಿಳೆಯರಿಗೆ ಇಷ್ಟೆಲ್ಲ ಹೇಳಿದರೆ ಪರೀಕ್ಷೆಯೇ ಬೇಡ ಎನ್ನುತ್ತಾರೆ. ನನ್ನ ಸರಳ ನಿಯಮವೇ ಹೆಚ್ಚು ಜನರಿಗೆ ಉಪಯೋಗವಾಗಿದೆ.

ಬಯಲುಸೀಮೆ ವೈದ್ಯ

ಮೇಡಂ ಅವರ ಅಸಮಾಧಾನ ನನಗೆ ಅರ್ಥವಾಗುತ್ತದೆ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವನು. ಇಲ್ಲಿ ಫೆರಿಟಿನ್ ಆಗುವುದಿಲ್ಲ, ಬಿ12 ಅಂತೂ ದೂರದ ಮಾತು. ರಕ್ತಕಣಗಳ ಎಣಿಕೆಯ ಸಿಬಿಸಿ ವರದಿಯೇ ನನಗೆ ಇರುವ ಆಧಾರ. ಅದರಲ್ಲಿ ಎಂಸಿವಿ ಇರುವುದರಿಂದಲೇ ಮುಂದಿನ ಹೆಜ್ಜೆ ಯಾವುದು ಎಂದು ನಿರ್ಧರಿಸಲು ಆಗುತ್ತದೆ. ಹೆರಿಗೆಯ ವಯಸ್ಸಿನ ಮಹಿಳೆ, ಮುಟ್ಟಿನ ಸ್ರಾವ ಹೆಚ್ಚು, ಎಂಸಿವಿ 69 ಎಂದಾದರೆ ನಾನು ಫೆರಿಟಿನ್‌ಗೆ ಕಾಯದೆ ಕಬ್ಬಿಣಾಂಶ ಕೊಟ್ಟು, ನಾಲ್ಕು ವಾರಗಳ ನಂತರ ಹಿಮೋಗ್ಲೋಬಿನ್ ನೋಡುತ್ತೇನೆ. ಒಂದರಿಂದ ಎರಡು ಗ್ರಾಂ ಏರಿದರೆ ಅದೇ ನನ್ನ ಪರೀಕ್ಷೆ. ಏರದಿದ್ದರೆ, ಮಾತ್ರೆ ನಿಜವಾಗಿ ನುಂಗಿದ್ದಾರೆಯೇ ಎಂದು ಮೊದಲು ಕೇಳುತ್ತೇನೆ, ಆಮೇಲೆ ಥಲಸ್ಸೇಮಿಯಾ ಮತ್ತಿತರ ಕಾರಣಗಳು.

ಅದೇ 69 ಒಬ್ಬ ಅರವತ್ತು ವರ್ಷದ ಗಂಡಸಿನ ವರದಿಯಲ್ಲಿದ್ದರೆ ಮಾತ್ರೆ ಕೊಟ್ಟು ಕಳುಹಿಸುವುದಿಲ್ಲ. ಮುಟ್ಟಿಲ್ಲದವರಲ್ಲಿ ಕಬ್ಬಿಣಾಂಶ ಎಲ್ಲಿ ಸೋರಿತು ಎಂಬ ಪ್ರಶ್ನೆ ಜಠರ ಮತ್ತು ಕರುಳಿನ ಕಡೆಗೆ ಹೋಗಬೇಕು, ಅಲ್ಲಿ ಹುಣ್ಣೋ ಗಡ್ಡೆಯೋ ಇರಬಹುದು. ಅವರನ್ನು ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತೇನೆ.

110ರ ಮೇಲೆ ಇದ್ದರೆ, ಕುಡಿತ, ಯಕೃತ್ತಿನ ಕಾಯಿಲೆ, ಥೈರಾಯ್ಡ್ ಮತ್ತು ಔಷಧಗಳ ಬಗ್ಗೆ ಕೇಳುತ್ತೇನೆ. ಕುಡಿತದಿಂದ ಏರುವ ಎಂಸಿವಿ ಸಾಮಾನ್ಯವಾಗಿ 110ರ ಒಳಗೆ ಉಳಿಯುತ್ತದೆ ಎಂಬುದು ನನ್ನ ಅನುಭವವೂ ಹೌದು, ಆದರೆ ಗೆರೆ ಎಳೆದು ಹೇಳಲು ಆಗದು.

ಗಾಜಿನ ಪಟ್ಟಿ

ವೈದ್ಯರ ಮಾತಿಗೆ ನನ್ನ ಒಂದೇ ತಕರಾರು. ಸ್ಮಿಯರ್ ನೋಡದೆ ಕಬ್ಬಿಣಾಂಶ ಕೊಡಬೇಡಿ. ಗಾಜಿನ ಪಟ್ಟಿ ಮತ್ತು ಬಣ್ಣ ನಿಮ್ಮ ಕೇಂದ್ರದಲ್ಲೂ ಇರುತ್ತವೆ.

ಬಯಲುಸೀಮೆ ವೈದ್ಯ

ಗಾಜಿನ ಪಟ್ಟಿ ಇದೆ ಸರ್, ಅದನ್ನು ನೋಡಿ ಓದುವವರು ಇಲ್ಲ. ಒಬ್ಬ ತಂತ್ರಜ್ಞ, ದಿನಕ್ಕೆ ನೂರಾರು ಮಾದರಿ, ಮಳೆಗಾಲದಲ್ಲಿ ಡೆಂಗಿಯ ಪ್ಲೇಟ್‌ಲೆಟ್ ಎಣಿಕೆ ಬೇರೆ. ನೀವು ಹೇಳುವುದು ಆದರ್ಶ, ನಾನು ಹೇಳುವುದು ಸೋಮವಾರದ ಹೊರರೋಗಿ ವಿಭಾಗ.

ನೇರಳೆ ಮುಚ್ಚಳ

ಈ ವಿಷಯದಲ್ಲಿ ನಾನು ವೈದ್ಯರ ಪರ. ಆದರೆ ಯಂತ್ರ ಅಚ್ಚುಮಾಡುವ ಗಾತ್ರದ ನಕ್ಷೆಯನ್ನಾದರೂ ನೋಡಬಹುದು. ಒಂದೇ ಗುಡ್ಡದ ಬದಲು ಅಗಲವಾಗಿ ಹರಡಿದ ಅಥವಾ ಎರಡು ಗುಡ್ಡಗಳ ನಕ್ಷೆ ಬಂದರೆ ಎಂಸಿವಿ 86 ಇದ್ದರೂ ನಾನು ಮಾದರಿಯನ್ನು ಬದಿಗಿಟ್ಟು ಹೇಳುತ್ತೇನೆ.

ಸಾಗರದ ಶಿಕ್ಷಕ

ಎಲ್ಲರಿಗೂ ಧನ್ಯವಾದಗಳು. ಫಲಿತಾಂಶಗಳು ಬಂದಿವೆ. ಪತ್ನಿಯ ಫೆರಿಟಿನ್ 6. ತಂದೆಯವರ ಬಿ12 ಮಟ್ಟ 118, ಫೋಲೇಟ್ ಸರಿಯಿದೆ, ಕೋಶಗಳು ನಾಶವಾದಾಗ ರಕ್ತದಲ್ಲಿ ಹೆಚ್ಚುವ ಎಲ್‌ಡಿಎಚ್ ತುಂಬಾ ಏರಿದೆ. ಅವರಿಗೆ ಚುಚ್ಚುಮದ್ದು ಶುರುವಾಗಿದೆ, ಪತ್ನಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟು ಸ್ತ್ರೀರೋಗ ತಜ್ಞರನ್ನೂ ಕಾಣಲು ಹೇಳಿದ್ದಾರೆ. ಎಂಸಿವಿಯನ್ನು ಮತ್ತೆ ಯಾವಾಗ ನೋಡಿಸಬೇಕು? ಹತ್ತು ದಿನಕ್ಕೆ ಸಾಕೇ?

ಗಾಜಿನ ಪಟ್ಟಿ

ಹತ್ತು ದಿನಕ್ಕೆ ಎಂಸಿವಿ ನೋಡಿದರೆ ನಿರಾಸೆಯಾಗುತ್ತದೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಪತ್ನಿಯವರಲ್ಲಿ ಹಳೆಯ ಸಣ್ಣ ಕಣಗಳು ಒಂದೊಂದಾಗಿ ಕಳೆದು ಹೊಸವು ಅವುಗಳ ಜಾಗಕ್ಕೆ ಬರುವವರೆಗೂ ಸರಾಸರಿ ನಿಧಾನವಾಗಿಯೇ ಏರುತ್ತದೆ. ಈ ನಡುವೆ ಹಳೆಯ ಸಣ್ಣವೂ ಹೊಸ ಸರಿಯಾದವೂ ಬೆರೆತಿರುವುದರಿಂದ ಆರ್‌ಡಿಡಬ್ಲ್ಯೂ ಮೊದಲಿಗಿಂತ ಹೆಚ್ಚಾಗುತ್ತದೆ, ಅದು ಕೆಟ್ಟ ಸುದ್ದಿಯಲ್ಲ. ಬೇಗ ತಿಳಿಯಬೇಕೆಂದರೆ ಒಂದು ವಾರದ ಆಸುಪಾಸಿನಲ್ಲಿ ರೆಟಿಕ್ಯುಲೋಸೈಟ್ ಎಣಿಕೆ ಮಾಡಿಸಬಹುದು, ಎಳೆಯ ಕಣಗಳು ಮೊದಲು ಏರುವುದು ಅಲ್ಲಿಯೇ.

ತಂದೆಯವರ ವಿಷಯದಲ್ಲಿ ಇನ್ನೊಂದನ್ನು ಗಮನಿಸಿ. ಮಜ್ಜೆ ಒಮ್ಮೆಲೇ ಚುರುಕಾದಾಗ ಕಬ್ಬಿಣಾಂಶದ ಖರ್ಚು ಹೆಚ್ಚುತ್ತದೆ. ಮೊದಲೇ ಸಂಗ್ರಹ ಕಡಿಮೆಯಿದ್ದವರಲ್ಲಿ ಎಂಸಿವಿ 113ರಿಂದ ಇಳಿಯುತ್ತ 90ರಲ್ಲಿ ನಿಲ್ಲದೆ 80ರ ಕೆಳಗೂ ಹೋಗಬಹುದು, ಹಿಮೋಗ್ಲೋಬಿನ್ ಅರ್ಧದಾರಿಯಲ್ಲಿ ನಿಲ್ಲಬಹುದು. ಆಗ ಬಿ12 ಕೆಲಸ ಮಾಡಲಿಲ್ಲ ಎಂದುಕೊಳ್ಳದೆ ಫೆರಿಟಿನ್ ನೋಡಿಸಬೇಕು. ರಕ್ತಹೀನತೆ ತೀವ್ರವಾಗಿದ್ದವರಲ್ಲಿ ಆರಂಭದ ದಿನಗಳಲ್ಲಿ ಪೊಟ್ಯಾಸಿಯಂ ಕುಸಿಯುವುದುಂಟು, ಅದನ್ನು ನಿಮ್ಮ ವೈದ್ಯರು ಗಮನದಲ್ಲಿಟ್ಟಿರುತ್ತಾರೆ.

ಹಾವೇರಿ ಗೃಹಿಣಿ

ನನ್ನ ಫೆರಿಟಿನ್ 9, ಬಿ12 240 ಬಂದಿದೆ. ವರದಿಯಲ್ಲಿ 200ಕ್ಕಿಂತ ಕಡಿಮೆಯಾದರೆ ಮಾತ್ರ ಕೊರತೆ ಎಂದು ಅಚ್ಚಾಗಿದೆ. ಹಾಗಾದರೆ ನನಗೆ ಬಿ12 ಸರಿಯಿದೆಯಲ್ಲ?

ಬಯಲುಸೀಮೆ ವೈದ್ಯ

ಕಬ್ಬಿಣಾಂಶದ ಕೊರತೆ ಖಚಿತವಾಯಿತು. ಆದರೆ ಅದೊಂದೇ ಇದ್ದಿದ್ದರೆ 8.9 ಹಿಮೋಗ್ಲೋಬಿನ್‌ಗೆ ಎಂಸಿವಿ 86 ಇರಬಾರದಿತ್ತು, ಎಪ್ಪತ್ತರ ಆಸುಪಾಸಿನಲ್ಲಿ ಇರಬೇಕಿತ್ತು. ಆದ್ದರಿಂದ 240ನ್ನು ನಾನು ಸರಿ ಎಂದು ಒಪ್ಪುವುದಿಲ್ಲ. ಎರಡನ್ನೂ ಒಟ್ಟಿಗೆ ಕೊಡುವುದು ನನ್ನ ಪದ್ಧತಿ.

ಗಾಜಿನ ಪಟ್ಟಿ

200ರಿಂದ 300ರ ನಡುವಿನ ಮಟ್ಟ ಅನುಮಾನದ ವಲಯ ಎಂಬುದನ್ನು ಒಪ್ಪುತ್ತೇನೆ. ಆದರೆ ಚಿಕಿತ್ಸೆಗೆ ಮೊದಲು ರಕ್ತದಲ್ಲಿ ಮಿಥೈಲ್ ಮಲೋನಿಕ್ ಆಮ್ಲ ಎಷ್ಟಿದೆ ಎಂದು ನೋಡಿಸುವುದು ಮೇಲು ಎಂದು ನನ್ನ ಅಭಿಪ್ರಾಯ. ಅದು ಏರಿದ್ದರೆ ಬಿ12 ಕೊರತೆಯ ಅನುಮಾನ ಬಲವಾಗುತ್ತದೆ. ಹೋಮೋಸಿಸ್ಟೀನ್ ಫೋಲೇಟ್ ಕೊರತೆಯಲ್ಲೂ ಏರುವುದರಿಂದ ಅಷ್ಟು ಸ್ಪಷ್ಟ ಉತ್ತರ ಕೊಡುವುದಿಲ್ಲ. ಇತ್ತೀಚೆಗೆ ರಕ್ತಸ್ರಾವವಾಗಿ ಎಳೆಯ ಕಣಗಳು ಹೆಚ್ಚಿದ್ದರೂ ಎಂಸಿವಿ ಸ್ವಲ್ಪ ಏರುತ್ತದೆ, ಎಳೆಯ ಕಣಗಳು ಗಾತ್ರದಲ್ಲಿ ದೊಡ್ಡವು. ಹಾಗಾಗಿ 86ಕ್ಕೆ ಬಿ12 ಒಂದೇ ಕಾರಣವಾಗಿರಬೇಕೆಂದಿಲ್ಲ.

ಬಯಲುಸೀಮೆ ವೈದ್ಯ

ಆ ಪರೀಕ್ಷೆಯ ಬೆಲೆಯಲ್ಲಿ ಎಷ್ಟು ತಿಂಗಳ ಬಿ12 ಬರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ ಸರ್. ರೆಟಿಕ್ಯುಲೋಸೈಟ್ ಎಣಿಕೆಗೆ ನನ್ನ ಒಪ್ಪಿಗೆಯಿದೆ. ಅಮ್ಮಾ, ಅದೊಂದನ್ನು ಮಾಡಿಸಿ, ಕಳೆದ ಎರಡು ತಿಂಗಳ ಮುಟ್ಟಿನ ವಿವರವನ್ನು ಬರೆದುಕೊಂಡು, ಸಿಬಿಸಿಯ ನಕ್ಷೆಯಿರುವ ಪುಟದ ಸಮೇತ ನಿಮ್ಮ ವೈದ್ಯರ ಬಳಿಗೆ ಹೋಗಿ. ಬಿ12 ಈಗಲೇ ಕೊಡುವುದೋ ಕಾಯುವುದೋ ಎಂಬುದನ್ನು ನಿಮ್ಮ ಕೈಕಾಲುಗಳನ್ನು ಪರೀಕ್ಷಿಸಿದ ಮೇಲೆ ಅವರೇ ತೀರ್ಮಾನಿಸಲಿ.